ಇಡೀ ಸ್ಕ್ರೀನ್ ಯಾಕೆ, ಒಂದು ವಿಂಡೋ ಸಾಕು

ಆನ್‌ಲೈನ್ ಮೀಟಿಂಗ್‌ಗಳಲ್ಲಿ ನಾನು ಇಡೀ ಸ್ಕ್ರೀನ್ ತೋರಿಸುವುದನ್ನು ಬಿಟ್ಟಿದ್ದೇನೆ. ಕ್ರೋಮ್‌ನಲ್ಲಿ ಶೇರ್ ಒತ್ತಿದಾಗ ಏನನ್ನು ತೋರಿಸಬೇಕು ಅಂತ ಕೇಳುತ್ತದಲ್ಲ, ಅಲ್ಲಿ Entire Screen ಬಿಟ್ಟು Window ಆರಿಸುತ್ತೇನೆ. ಮೂಲೆಯಲ್ಲಿ ಮೆಸೇಜ್ ಬಂದಾಗ ಕಂಪ್ಯೂಟರ್ ಅದನ್ನು ಬೇರೆಯದೇ ಪುಟ್ಟ ವಿಂಡೋ ಮಾಡಿ ಎಲ್ಲದರ ಮೇಲೆ ತೋರಿಸುತ್ತದೆ. ನಾನು ಆರಿಸಿದ ವಿಂಡೋಗೆ ಅದು ಸೇರಿದ್ದಲ್ಲ. ಹಾಗಾಗಿ ನನಗೆ ಕಂಡರೂ ಉಳಿದವರಿಗೆ ಕಾಣುವುದಿಲ್ಲ.

ಇದೇ ಗುಣ ಪವರ್‌ಪಾಯಿಂಟ್‌ನಲ್ಲಿ ತೊಂದರೆ ಕೊಡುತ್ತದೆ. ಫೈಲ್ ತೆರೆದು ಆ ವಿಂಡೋ ಶೇರ್ ಮಾಡಿ, ಆಮೇಲೆ F5 ಒತ್ತಿದರೆ ಸ್ಲೈಡ್ ಶೋ ಇನ್ನೊಂದು ಹೊಸ ವಿಂಡೋದಲ್ಲಿ ಶುರುವಾಗುತ್ತದೆ. ಕೆಲವು ಮೀಟಿಂಗ್ ಆ್ಯಪ್‌ಗಳು ಅದನ್ನು ಹಿಂಬಾಲಿಸುವುದಿಲ್ಲ. ನಾವು ಐದನೇ ಸ್ಲೈಡ್ ವಿವರಿಸುತ್ತಿದ್ದರೆ ಅವರ ಮುಂದೆ ಇನ್ನೂ ಎಡಿಟ್ ಮಾಡುವ ಪುಟವೇ ಇರುತ್ತದೆ, ಕೆಳಗೆ ಬರೆದುಕೊಂಡ ಟಿಪ್ಪಣಿಯ ಸಮೇತ. ಬಹಳ ಜನ ಇಲ್ಲೇ ಬೇಸತ್ತು ಮತ್ತೆ ಇಡೀ ಸ್ಕ್ರೀನ್‌ಗೆ ಹೋಗುತ್ತಾರೆ. ಅದರ ಅಗತ್ಯವಿಲ್ಲ. Slide Show ಟ್ಯಾಬ್‌ನಲ್ಲಿ Set Up Slide Show ತೆರೆದು, Browsed by an individual ಎಂಬುದನ್ನು ಆರಿಸಿ OK ಕೊಡಿ. ಈಗ F5 ಒತ್ತಿದರೆ ಸ್ಲೈಡ್‌ಗಳು ಸ್ಕ್ರೀನ್ ತುಂಬದೆ ಒಂದು ಸಾಮಾನ್ಯ ವಿಂಡೋದಲ್ಲಿ ಓಡುತ್ತವೆ. ನಾನು ಮೊದಲು ಶೋ ಶುರು ಮಾಡಿ, ನಂತರ ಆ ವಿಂಡೋವನ್ನೇ ಶೇರ್ ಮಾಡುತ್ತೇನೆ. ಈ ಕ್ರಮ ತಪ್ಪಬಾರದು.

ಎಕ್ಸೆಲ್‌ನಲ್ಲೂ ಎರಡನೇ ಫೈಲ್ ತೆರೆದರೆ ಅದು ಬೇರೆ ವಿಂಡೋ. ಅದನ್ನು ತೋರಿಸಬೇಕಾದರೆ ಶೇರ್ ಬದಲಿಸಲೇಬೇಕು.

ಬ್ರೌಸರ್ ವಿಷಯದಲ್ಲಿ ಮಾತ್ರ ಜಾಸ್ತಿ ಎಚ್ಚರ ಬೇಕು. ವಿಂಡೋ ಅಂದರೆ ಅದರೊಳಗಿನ ಎಲ್ಲ ಟ್ಯಾಬ್‌ಗಳ ಹೆಸರು, ಬುಕ್‌ಮಾರ್ಕ್ ಸಾಲು, ಎಲ್ಲವೂ ಸೇರಿತು. ಪಕ್ಕದ ಟ್ಯಾಬ್‌ನಲ್ಲಿ ಮೇಲ್ ತೆರೆದಿದ್ದರೆ ಅದರ ಹೆಸರೂ ಕಾಣುತ್ತದೆ, ಅಲ್ವಾ? ಅದಕ್ಕೆ Ctrl+N ಒತ್ತಿ ಹೊಸ ವಿಂಡೋ ತೆರೆದು, ಬೇಕಾದ ಪುಟವನ್ನಷ್ಟೇ ಅಲ್ಲಿಡುತ್ತೇನೆ. Ctrl+Shift+B ಒತ್ತಿ ಬುಕ್‌ಮಾರ್ಕ್ ಸಾಲನ್ನೂ ಮುಚ್ಚುತ್ತೇನೆ. ಇನ್ನೊಂದು ಮಾತು: ಶೇರ್ ಮಾಡಿದ ಆ್ಯಪ್ ತನ್ನ ಪುಟದೊಳಗೇ ತೋರಿಸುವ ಸೂಚನೆಗಳನ್ನು ಈ ವಿಧಾನ ತಡೆಯುವುದಿಲ್ಲ. ಚಾಟ್ ಅಥವಾ ಮೇಲ್ ವಿಂಡೋವನ್ನೇ ತೋರಿಸಿದರೆ ಹೊಸ ಮೆಸೇಜ್ ಎಲ್ಲರ ಕಣ್ಣಿಗೂ ಬೀಳುತ್ತದೆ.

ಫೈಲ್ ಸೇವ್ ಮಾಡುವ ಪೆಟ್ಟಿಗೆ, ಕೆಳಗಿಳಿಯುವ ಮೆನು ಇಂಥವು ಎಷ್ಟೋ ಸಲ ನೋಡುವವರಿಗೆ ಕಾಣುವುದೇ ಇಲ್ಲ. ಅದಕ್ಕೇ ಎಲ್ಲಿ ಒತ್ತುತ್ತಿದ್ದೇನೆ ಅಂತ ಬಾಯಲ್ಲೂ ಹೇಳುತ್ತಾ ಹೋಗುತ್ತೇನೆ. ಮುಖ್ಯವಾದ ಮೀಟಿಂಗ್ ಇದ್ದರೆ ಫೋನಿನಿಂದಲೂ ಸೇರಿ, ಅದರ ಧ್ವನಿ ನಿಲ್ಲಿಸಿ ಪಕ್ಕದಲ್ಲಿಡುತ್ತೇನೆ. ಅವರ ಮುಂದೆ ಏನಿದೆ ಎಂಬುದು ಅದರಲ್ಲಿ ಕಾಣುತ್ತಿರುತ್ತದೆ.