ಜೋಡಿ ಮಾಡೋದು ಸುಲಭ, ಎಷ್ಟು ಜೋಡಿ ಅನ್ನೋದರಲ್ಲೇ ತಪ್ಪೋದು

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಹತ್ತನೇ ಕ್ಲಾಸಿಗೆ ಸಮಾಂತರ ಶ್ರೇಢಿ, ಅಂದರೆ ಒಂದೇ ಅಂತರದಲ್ಲಿ ಸಾಗುವ ಸಂಖ್ಯೆಗಳ ಸಾಲಿನ ಪಾಠ ಬಂದಾಗ, ಮೊದಲ ಕೆಲವು ವರ್ಷ ಬೋರ್ಡಿನ ಮೇಲೆ ಮೊತ್ತದ ಸೂತ್ರ ಬರೆದು, ಸುತ್ತ ಡಬ್ಬಿ ಹಾಕಿ, ಬಾಯಿಪಾಠ ಮಾಡಿ ಅಂತ ಹೇಳಿಬಿಡುತ್ತಿದ್ದೆ. ಮಕ್ಕಳು ಮಾಡುತ್ತಿದ್ದರು ಕೂಡ. ಒಂದು ವರ್ಷ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಒಂದು ಲೆಕ್ಕ ಬಂತು: 7ರಿಂದ ಭಾಗವಾಗುವ ಎರಡಂಕಿ ಸಂಖ್ಯೆಗಳ ಮೊತ್ತ ಎಷ್ಟು? ಪೇಪರ್ ತಿದ್ದುವಾಗ ನೋಡಿದರೆ, ಅರ್ಧ ಕ್ಲಾಸು 672 ಅಂತ ಬರೆದಿತ್ತು. ಸೂತ್ರ ಎಲ್ಲರದ್ದೂ ಸರಿ, ಕೂಡೋದು ಗುಣಿಸೋದು ಸರಿ, ಉತ್ತರ ಮಾತ್ರ ತಪ್ಪು. ಸರಿಯಾದ ಉತ್ತರ 728.

ವ್ಯತ್ಯಾಸ 56. ಆ 56 ಎಲ್ಲಿಂದ ಬಂತು ಅಂತ ಅವತ್ತು ರಾತ್ರಿ ಕೂತು ಯೋಚಿಸಿದೆ. ಈ ಪಾಠ ನಾನು ಮಾಡುವ ರೀತಿ ಬದಲಾಗಿದ್ದು ಅಲ್ಲಿಂದ.

ಈಗ ನಾನು ಹುಣಿಸೆ ಬೀಜದಿಂದ ಶುರು ಮಾಡುತ್ತೇನೆ. ನಮ್ಮ ಕಡೆ ಚೌಕಾಬಾರ ಆಡೋಕೆ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿಕೊಳ್ಳುತ್ತಾರಲ್ವಾ, ಅಂಥ ಬೀಜಗಳು 55 ಬೇಕು. ಉಜ್ಜದೆ ಇರುವ ಕಂದು ಬೀಜಗಳು ಇನ್ನೊಂದು 55. ಮಕ್ಕಳನ್ನು ನೆಲದ ಮೇಲೆ ಸುತ್ತ ಕೂರಿಸಿ, ಮೊದಲು ಕಂದು ಬೀಜದಲ್ಲಿ ಮೆಟ್ಟಿಲು ಕಟ್ಟಿಸುತ್ತೇನೆ. ಮೊದಲ ಸಾಲಿನಲ್ಲಿ ಒಂದು, ಎರಡನೇ ಸಾಲಿನಲ್ಲಿ ಎರಡು, ಹೀಗೆ ಹತ್ತನೇ ಸಾಲಿನಲ್ಲಿ ಹತ್ತು. ಎಲ್ಲ ಸಾಲೂ ಎಡಗಡೆ ಒಂದೇ ಗೆರೆಯಿಂದ ಶುರುವಾಗಬೇಕು. ಬಲಗಡೆ ಮೆಟ್ಟಿಲು ಕಾಣುತ್ತದೆ.

ಆಮೇಲೆ ಬಿಳಿ ಬೀಜ. ಅದನ್ನು ತಲೆಕೆಳಗು ಮಾಡಿ ಇಡಬೇಕು. ಒಂದು ಕಂದು ಬೀಜ ಇರುವ ಸಾಲಿಗೆ ಹತ್ತು ಬಿಳಿ, ಎರಡು ಇರುವ ಸಾಲಿಗೆ ಒಂಬತ್ತು, ಕೊನೆಗೆ ಹತ್ತು ಕಂದು ಇರುವ ಸಾಲಿಗೆ ಒಂದೇ ಬಿಳಿ. ಕೊನೆಯ ಬೀಜ ಇಟ್ಟ ಕೂಡಲೇ ಮೆಟ್ಟಿಲು ಮಾಯವಾಗಿ, ಚಚ್ಚೌಕಕ್ಕಿಂತ ಸ್ವಲ್ಪ ಉದ್ದವಾದ ಒಂದು ಆಯತ ಉಳಿಯುತ್ತದೆ. ಹತ್ತು ಸಾಲು, ಸಾಲಿಗೆ ಹನ್ನೊಂದು ಬೀಜ. ಒಟ್ಟು 110. ಅದರಲ್ಲಿ ಅರ್ಧ ಕಂದು, ಅರ್ಧ ಬಿಳಿ. ಹಾಗಾದರೆ ಒಂದರಿಂದ ಹತ್ತರವರೆಗಿನ ಮೊತ್ತ 55. ಇಲ್ಲಿವರೆಗೆ ಬೋರ್ಡಿನ ಮೇಲೆ ಒಂದಕ್ಷರ ಬರೆದಿರುವುದಿಲ್ಲ.

ನೂರಕ್ಕೆ ಬೀಜ ಜೋಡಿಸೋಕೆ ಆಗಲ್ಲ. ಜೋಡಿಸೋದು ಬೇಕಾಗಿಯೂ ಇಲ್ಲ. ನೋಟ್‌ಬುಕ್ಕಿನಲ್ಲಿ 1, 2, 3 ಅಂತ ಶುರು ಮಾಡಿ, ನಡುವೆ ಚುಕ್ಕಿ ಇಟ್ಟು, 98, 99, 100 ಅಂತ ಬರೆಯಿರಿ ಅನ್ನುತ್ತೇನೆ. ಈಗ ಮೊದಲನೆಯದಕ್ಕೆ ಕೊನೆಯದು ಜೋಡಿ: 1 ಮತ್ತು 100, ಕೂಡಿದರೆ 101. ಒಳಗೆ ಬಂದರೆ 2 ಮತ್ತು 99, ಅದೂ 101. 3 ಮತ್ತು 98, ಮತ್ತೆ 101. ಕೊನೆಯ ಜೋಡಿ ನಡುವಿನ 50 ಮತ್ತು 51. ನೂರು ಸಂಖ್ಯೆಗೆ 50 ಜೋಡಿ. 101ನ್ನು 50ರಿಂದ ಗುಣಿಸಿದರೆ 5050.

ಪ್ರತಿ ಸಲವೂ 101 ಯಾಕೆ ಬರಬೇಕು ಅಂತ ಕೇಳದೆ ನಾನು ಮುಂದೆ ಹೋಗುವುದಿಲ್ಲ. ಒಬ್ಬಳು ಹುಡುಗಿ ಕೊಟ್ಟ ಉತ್ತರವನ್ನೇ ಈಗ ಎಲ್ಲ ಕ್ಲಾಸಿಗೂ ಹೇಳುತ್ತೇನೆ. "ಮಿಸ್, ಅಕ್ಕನ ಹತ್ರ ಇರೋ ದುಡ್ಡಲ್ಲಿ ಒಂದು ರೂಪಾಯಿ ತಗೊಂಡು ತಂಗಿಗೆ ಕೊಟ್ಟರೆ ಇಬ್ಬರ ಹತ್ರ ಸೇರಿ ಇರೋ ದುಡ್ಡು ಅಷ್ಟೇ ಇರುತ್ತೆ." ಒಂದು ಕಡೆಯಿಂದ ಒಳಗೆ ಬಂದಾಗ ಸಂಖ್ಯೆ 1 ಜಾಸ್ತಿಯಾಗುತ್ತದೆ, ಇನ್ನೊಂದು ಕಡೆಯಿಂದ ಬಂದಾಗ 1 ಕಡಿಮೆಯಾಗುತ್ತದೆ. ಒಟ್ಟು ಅಲುಗಾಡುವುದಿಲ್ಲ. ಹೆಜ್ಜೆ 1 ಇರಲಿ, 7 ಇರಲಿ, ಎರಡೂ ಕಡೆ ಸಮವಾಗಿದ್ದರೆ ಸಾಕು.

ಹೆಜ್ಜೆ ಸಮ ಇಲ್ಲದಿದ್ದರೆ ಏನಾಗುತ್ತದೆ ಅನ್ನೋದನ್ನೂ ಆಗಲೇ ತೋರಿಸಿಬಿಡಬೇಕು. 1, 4, 9, 16 ತೆಗೆದುಕೊಳ್ಳಿ. ಹೊರಗಿನ ಜೋಡಿ 17, ಒಳಗಿನ ಜೋಡಿ 13. ಕೆಟ್ಟಿತು. ಹಾಗಾಗಿ ಯಾವುದೇ ಸಾಲು ಸಿಕ್ಕಿದರೂ ಮೊದಲು ಪಕ್ಕಪಕ್ಕದ ಸಂಖ್ಯೆಗಳನ್ನು ಕಳೆದು ನೋಡಿ, ವ್ಯತ್ಯಾಸ ಒಂದೇ ಇದ್ದರೆ ಮಾತ್ರ ಜೋಡಿಗೆ ಕೈ ಹಾಕಿ ಅಂತ ಹೇಳುತ್ತೇನೆ.

ಮುಂದಿನ ತೊಡಕು ಬೆಸ ಸಂಖ್ಯೆ. 1ರಿಂದ 99ರವರೆಗೆ ಕೂಡಿ ಅಂದರೆ ಕ್ಲಾಸು ಮೂರು ಪಾಲಾಗುತ್ತದೆ. ಕೆಲವರು 4900 ಅನ್ನುತ್ತಾರೆ, ಕೆಲವರು 5000, ಕೆಲವರು 4950. ಜೋಡಿ ಮಾಡುತ್ತಾ ಹೋದರೆ 49 ಮತ್ತು 51ಕ್ಕೆ ಮುಗಿಯುತ್ತದೆ. ನಡುವೆ 50 ಒಂಟಿಯಾಗಿ ಉಳಿಯುತ್ತದೆ. 49 ಜೋಡಿಗೆ 4900, ಜೊತೆಗೆ ಆ ಒಂಟಿ 50. ಅದನ್ನು ಮರೆತವರಿಗೆ 4900 ಬಂದಿರುತ್ತದೆ, ಅದಕ್ಕೂ ಒಂದು ಪೂರ್ತಿ ಜೋಡಿ ಹಿಡಿದವರಿಗೆ 5000.

ಇದಕ್ಕೆ ಮದ್ದು ಬೀಜದಲ್ಲೇ ಇದೆ. ನಾವು ಅಲ್ಲಿ ಒಂದೇ ಮೆಟ್ಟಿಲಿನೊಳಗೆ ಜೋಡಿ ಹುಡುಕಲಿಲ್ಲ. ಪೂರ್ತಿ ಮೆಟ್ಟಿಲಿಗೆ ಇನ್ನೊಂದು ಪೂರ್ತಿ ಮೆಟ್ಟಿಲು ಸೇರಿಸಿದೆವು. ಹಾಗೇ ಸಾಲನ್ನು ಒಂದು ಸಲ ನೇರವಾಗಿ, ಅದರ ಕೆಳಗೆ ಇನ್ನೊಂದು ಸಲ ಹಿಂದುಮುಂದಾಗಿ ಬರೆದರೆ ಪ್ರತಿಯೊಂದು ಸಂಖ್ಯೆಗೂ ಕೆಳಗೆ ಒಂದು ಜೋಡಿ ಸಿಗುತ್ತದೆ. 50ರ ಕೆಳಗೆ 50 ಬರುತ್ತದೆ, ಯಾರೂ ಒಂಟಿಯಲ್ಲ. 99 ಜೋಡಿ, ತಲಾ 100, ಒಟ್ಟು 9900. ಅದರ ಅರ್ಧ 4950. ಸಮ ಬೆಸ ಅಂತ ತಲೆ ಕೆಡಿಸಿಕೊಳ್ಳುವ ಹಾಗೇ ಇಲ್ಲ. ಸೂತ್ರವನ್ನು ನಾನು ಬೋರ್ಡಿನ ಮೇಲೆ ಬರೆಯುವುದು ಇಷ್ಟಾದ ಮೇಲೆ:

S = n × (a + l) ÷ 2

a ಮೊದಲ ಪದ, l ಕೊನೆಯ ಪದ, n ಪದಗಳ ಸಂಖ್ಯೆ. 2ರಿಂದ ಭಾಗಿಸೋದು ಯಾಕೆ ಅಂತ ಈಗ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅದು ಬಿಳಿ ಬೀಜಗಳನ್ನು ವಾಪಸ್ ಡಬ್ಬಿಗೆ ಹಾಕುವ ಕೆಲಸ.

ಇನ್ನು ಆ 672ರ ವಿಷಯ. ಸಾಲು 14, 21, 28 ಅಂತ ಹೋಗಿ 98ಕ್ಕೆ ಮುಗಿಯುತ್ತದೆ. ಮೊದಲ ಮತ್ತು ಕೊನೆಯದು ಸೇರಿ 112. ಎಷ್ಟು ಪದ? 98ರಲ್ಲಿ 14 ಕಳೆದರೆ 84, 7ರಿಂದ ಭಾಗಿಸಿದರೆ 12. ಅರ್ಧ ಕ್ಲಾಸು ಅಲ್ಲಿಗೇ ನಿಲ್ಲಿಸಿತ್ತು. ಆದರೆ 12 ಅನ್ನೋದು ಹೆಜ್ಜೆಗಳ ಲೆಕ್ಕ, ಪದಗಳದ್ದಲ್ಲ. ಇದನ್ನು ಹೇಳೋಕೆ ನಾನು ಬೇಲಿ ಬಳಸುತ್ತೇನೆ. ನೂರು ಅಡಿ ಉದ್ದಕ್ಕೆ ಹತ್ತು ಅಡಿಗೊಂದು ಕಲ್ಲುಕಂಬ ನೆಟ್ಟರೆ ಎಷ್ಟು ಕಂಬ ಬೇಕು? ಹೊಲ ಇರುವ ಮನೆಯ ಮಕ್ಕಳು ಹನ್ನೊಂದು ಅಂತ ತಕ್ಷಣ ಹೇಳುತ್ತಾರೆ. ಕಂಬದ ನಡುವಿನ ಜಾಗ ಹತ್ತು, ಕಂಬ ಮಾತ್ರ ಒಂದು ಜಾಸ್ತಿ. ಹಾಗೇ ಇಲ್ಲಿ ಹೆಜ್ಜೆ 12, ಪದ 13. 13ನ್ನು 112ರಿಂದ ಗುಣಿಸಿ ಅರ್ಧ ಮಾಡಿದರೆ 728.

ಕಳೆದುಹೋಗಿದ್ದ 56 ಸಾಲಿನ ನಡುವಿನ ಪದ. 112ರ ಅರ್ಧ. ಪದಗಳ ಸಂಖ್ಯೆಯಲ್ಲಿ ಒಂದು ತಪ್ಪಿದರೆ ಉತ್ತರದಲ್ಲಿ ಸರಿಯಾಗಿ ಜೋಡಿಯ ಅರ್ಧದಷ್ಟು ತಪ್ಪುತ್ತದೆ. ಇದು ಗೊತ್ತಾದ ಮೇಲೆ ಪೇಪರ್ ತಿದ್ದುವಾಗ ಉತ್ತರ ನೋಡಿಯೇ ಮಗು ಎಲ್ಲಿ ಎಡವಿದೆ ಅಂತ ಹೇಳಬಲ್ಲೆ.

ಕೆಲವು ಸಲ ಈ ತಪ್ಪು ತಾನೇ ಬಾಯಿಬಿಡುತ್ತದೆ. 1ರಿಂದ 100ಕ್ಕೆ 100ರಲ್ಲಿ 1 ಕಳೆದು 99 ಪದ ಅಂತ ಹಿಡಿದರೆ 4999.5 ಬರುತ್ತದೆ. ಪೂರ್ಣ ಸಂಖ್ಯೆಗಳನ್ನು ಕೂಡಿ ಅರ್ಧ ಬರೋಕೆ ಸಾಧ್ಯವೇ ಇಲ್ಲ. 672ರಂಥ ಉತ್ತರ ಮಾತ್ರ ಏನೂ ಸುಳಿವು ಕೊಡುವುದಿಲ್ಲ, 7ರಿಂದ ಭಾಗ ಕೂಡ ಆಗುತ್ತದೆ. ಅಂಥ ಕಡೆ ನಾನು ಹೇಳಿಕೊಡುವ ಉಪಾಯ, ಸಾಲನ್ನೇ ಹೆಜ್ಜೆಯಿಂದ ಭಾಗಿಸಿಬಿಡುವುದು. 14, 21, ... 98 ಆಗ 2, 3, ... 14 ಆಗುತ್ತದೆ. 1ರಿಂದ 14ರವರೆಗೆ 14 ಸಂಖ್ಯೆ, ಅದರಲ್ಲಿ 1 ಮಾತ್ರ ಇಲ್ಲ. ಹಾಗಾಗಿ 13. ಹೆಜ್ಜೆಯಿಂದ ಭಾಗವಾಗದ ಸಾಲಿಗೆ ಇದು ನಡೆಯಲ್ಲ, ಅಲ್ಲಿ ಕಂಬದ ಲೆಕ್ಕವೇ ಗತಿ.

ಈ ಪಾಠ ಬಂದಾಗ ಮಕ್ಕಳು ಗಣಿತಜ್ಞ ಗೌಸ್‌ನ ಕಥೆ ಕೇಳುತ್ತಾರೆ. 1777ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಹುಟ್ಟಿದ ಹುಡುಗ, ಮೇಷ್ಟ್ರು ಒಂದರಿಂದ ನೂರರವರೆಗೆ ಕೂಡಿ ಅಂತ ಲೆಕ್ಕ ಹೇಳಿ ಮುಗಿಸುವಷ್ಟರಲ್ಲಿ ಉತ್ತರ ಬರೆದ ಸ್ಲೇಟನ್ನು ಮೇಜಿನ ಮೇಲಿಟ್ಟ ಅನ್ನೋದು ಕಥೆ. ಹೇಳುತ್ತೇನೆ. ಆದರೆ ಗೌಸ್ ತೀರಿಕೊಂಡ ಮರುವರ್ಷ, 1856ರಲ್ಲಿ, ಅವರ ಗೆಳೆಯ ಸಾರ್ಟೋರಿಯಸ್ ಬರೆದ ಜೀವನಚರಿತ್ರೆಯಲ್ಲಿ ಅದು ಸಮಾಂತರ ಶ್ರೇಢಿಯ ಲೆಕ್ಕ ಅಂತ ಮಾತ್ರ ಇದೆ, ಒಂದರಿಂದ ನೂರು ಅನ್ನೋದು ಅಲ್ಲಿ ಇಲ್ಲ ಅಂತಲೂ ಹೇಳುತ್ತೇನೆ. ಜೊತೆಗೆ ಅದಕ್ಕಿಂತ ಬಹಳ ಹಿಂದೆ, 499ರಲ್ಲಿ, ಆರ್ಯಭಟ ಬರೆದ ಒಂದು ಸಾಲನ್ನು ಓದಿಸುತ್ತೇನೆ: "ಅಥವಾದ್ಯಂತಂ ಪದಾರ್ಧಹತಂ". ಇಲ್ಲದಿದ್ದರೆ ಆದಿ ಮತ್ತು ಅಂತ್ಯ ಸೇರಿಸಿ ಪದಗಳ ಅರ್ಧದಿಂದ ಗುಣಿಸು ಅಂತ ಅರ್ಥ. ನನಗೆ ಇಷ್ಟವಾಗೋದು ಆ "ಅಥವಾ". ಅದಕ್ಕೆ ಮುಂಚೆ ಆರ್ಯಭಟ ಹೇಳಿರೋದು ನಡುವಿನ ಬೆಲೆ ಕಂಡುಹಿಡಿದು ಪದಗಳ ಸಂಖ್ಯೆಯಿಂದ ಗುಣಿಸುವ ದಾರಿ. ಅಂದರೆ ನಮ್ಮ 56 ಗುಣಿಲೆ 13. ಅದೂ 728.

ಪಾಠದ ಕೊನೇ ದಿನ ನಾನು ಒಂದೇ ಪ್ರಶ್ನೆ ಕೊಡುತ್ತೇನೆ. ಒಂದರ ಮಗ್ಗಿಯಿಂದ ಹತ್ತರ ಮಗ್ಗಿಯವರೆಗೆ, ಹತ್ತು ಮಗ್ಗಿಯಲ್ಲೂ ಬರುವ ಎಲ್ಲ ನೂರು ಉತ್ತರಗಳನ್ನು ಕೂಡಿದರೆ ಎಷ್ಟು? ಕಳೆದ ವರ್ಷ ಹಿಂದಿನ ಬೆಂಚಿನ ಒಬ್ಬ ಹುಡುಗ ಪೆನ್ನು ಮುಟ್ಟದೆ ಸ್ವಲ್ಪ ಹೊತ್ತು ಕೂತಿದ್ದ. ಆಮೇಲೆ ಎದ್ದು ಹೇಳಿದ: "ಒಂದರ ಮಗ್ಗಿ 55 ಮಿಸ್. ಎರಡರದ್ದು ಅದರ ಎರಡರಷ್ಟು, ಮೂರರದ್ದು ಮೂರರಷ್ಟು. ಹಂಗೇ ಹತ್ತರವರೆಗೂ ಹೋದ್ರೆ 55 ಎಷ್ಟು ಸಲ ಬರುತ್ತೆ? ಒಂದು, ಎರಡು, ಮೂರು... ಅದೂ ಸೇರಿ 55 ಸಲ." ಬೋರ್ಡಿಗೆ ಬಂದು 55ನ್ನು 55ರಿಂದ ಗುಣಿಸಿ, 3025 ಅಂತ ಬರೆದು ಹೋಗಿ ಕೂತ.