ಟವರ್ ಹತ್ತಿದ ತಕ್ಷಣ ಕೆಳಗೆ ಹಾರ್ಬೇಡಿ: ದೊಡ್ಡ ಮ್ಯಾಪ್‌ನಲ್ಲಿ ದಾರಿ ಹುಡುಕೋದು ಹೀಗೆ

ಓಪನ್ ವರ್ಲ್ಡ್ ಗೇಮ್ ಆಡೋರಲ್ಲಿ ತುಂಬಾ ಜನ ಟವರ್ ಹತ್ತಿ, ಮ್ಯಾಪ್ ತೆರ್ಕೊಂಡ ತಕ್ಷಣ ಕೆಳಗೆ ಹಾರಿಬಿಡ್ತಾರೆ, ಆಮೇಲೆ ಕಾಡಲ್ಲಿ ಸುತ್ತಿ ಸುತ್ತಿ ದಾರಿ ಗೊತ್ತಾಗ್ತಿಲ್ಲ ಅಂತಾರೆ. ಟವರ್‌ನ ನಿಜವಾದ ಕೆಲಸ ಶುರುವಾಗೋದೇ ಮ್ಯಾಪ್ ತೆರ್ಕೊಂಡ ಮೇಲೆ. 2017ರ ಜೆಲ್ಡಾ ಗೇಮ್ ಬ್ರೆತ್ ಆಫ್ ದಿ ವೈಲ್ಡ್ ಇಟ್ಕೊಂಡೇ ಹೇಳ್ತೀನಿ, ಇದನ್ನ ಕಲಿಯೋಕೆ ಅದಕ್ಕಿಂತ ಒಳ್ಳೆ ಗೇಮ್ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ಮೊದಲನೇದು, ಹತ್ತೋದು. ನಡುನಡುವೆ ಇರೋ ಕಟ್ಟೆಗಳ ಮೇಲೆ ನಿಂತು ಸ್ಟ್ಯಾಮಿನಾ ತುಂಬಿಸ್ಕೊಂಡು ಹತ್ತಿ, ಅಷ್ಟೇ.

ಎರಡನೇದು, ನೋಡೋದು. ಎಲ್ಲರೂ ಎಡವೋದು ಇಲ್ಲೇ. ಅಸ್ಯಾಸಿನ್ಸ್ ಕ್ರೀಡ್ ಥರದ ಗೇಮ್‌ನಲ್ಲಿ ಎತ್ತರದ ಜಾಗ ಹತ್ತಿ ಸಿಂಕ್ರೊನೈಸ್ ಮಾಡಿದ್ರೆ ಸುತ್ತಮುತ್ತ ಏನೇನಿದೆ ಅಂತ ಐಕಾನ್‌ಗಳು ತಾವೇ ಬಂದು ಕೂರ್ತವೆ. ಜೆಲ್ಡಾದಲ್ಲಿ ಹಾಗಲ್ಲ, ಆ ಪ್ರದೇಶದ ಬೆಟ್ಟ, ನದಿ, ರಸ್ತೆ ಮಾತ್ರ ಕಾಣುತ್ತೆ, ಶ್ರೈನ್ ಅನ್ನೋ ಒಗಟಿನ ಗುಡಿಗಳು ಎಲ್ಲಿವೆ, ಶತ್ರುಗಳು ಎಲ್ಲಿದ್ದಾರೆ ಅಂತ ಯಾವ ಗುರುತೂ ಬರಲ್ಲ. ಅದನ್ನ ನೀವೇ ಹುಡುಕಿ ಹಾಕ್ಬೇಕು. ಅದಕ್ಕೇ ಸ್ಕೋಪ್ ಕೊಟ್ಟಿರೋದು: ರೈಟ್ ಸ್ಟಿಕ್ ಒತ್ತಿದ್ರೆ ದುರ್ಬೀನು ಥರ ದೂರದ್ದು ಹತ್ತಿರ ಕಾಣುತ್ತೆ, ಬೇಕಾದ ಜಾಗಕ್ಕೆ ಗುರಿಯಿಟ್ಟು ಎ ಬಟನ್ ಒತ್ತಿದ್ರೆ ಅಲ್ಲಿ ಪಿನ್ ಬೀಳುತ್ತೆ, ಆ ಪಿನ್ ಮ್ಯಾಪ್‌ನಲ್ಲೂ ಕಾಣುತ್ತೆ.

ಆಟ ಶುರುವಾಗೋ ಜಾಗ ಗ್ರೇಟ್ ಪ್ಲಾಟೋನೇ ತಗೊಳ್ಳಿ. ಓಮನ್ ಆವು ಶ್ರೈನ್ ಮುಗಿಸಿದ್ಮೇಲೆ ಇನ್ನೂ ಮೂರು ಹುಡುಕ್ಬೇಕು. ಆಗ ಕಾಲ್ನಡಿಗೆಯಲ್ಲಿ ಅಲೆಯೋಕೆ ಹೋಗ್ಬೇಡಿ, ಒಮ್ಮೆ ತೆರೆದ ಜಾಗಕ್ಕೆ ಕ್ಷಣದಲ್ಲೇ ಕರ್ಕೊಂಡು ಹೋಗೋ ಫಾಸ್ಟ್ ಟ್ರಾವೆಲ್‌ನಿಂದ ಟವರ್ ತುದಿಗೇ ವಾಪಸ್ ಹೋಗಿ, ಒಂದೇ ಕಡೆ ನಿಂತು ನಿಧಾನಕ್ಕೆ ಪೂರ್ತಿ ಒಂದು ಸುತ್ತು ತಿರುಗಿ. ಇನ್ನೂ ಮುಟ್ಟದ ಶ್ರೈನ್ ಕಿತ್ತಳೆ ಬಣ್ಣದಲ್ಲಿ ಹೊಳೀತಿರುತ್ತೆ, ರಾತ್ರಿ ಹೊತ್ತಲ್ಲಿ ಇದು ಇನ್ನೂ ಚೆನ್ನಾಗಿ ಎದ್ದು ಕಾಣುತ್ತೆ, ಮಳೆ ಬರ್ತಿದ್ರೆ ಕಾಯೋದೇ ಒಳ್ಳೇದು, ದೂರದ್ದೆಲ್ಲ ಮಸುಕಾಗಿರುತ್ತೆ. ಪಿನ್ ಹಾಕಿದ್ಮೇಲೂ ಸ್ಕೋಪ್ ತೆಗೀಬೇಡಿ. ಪಿನ್ ಹೇಳೋದು ಎಲ್ಲಿಗೆ ಹೋಗ್ಬೇಕು ಅಂತ ಮಾತ್ರ, ಮಧ್ಯದಲ್ಲಿ ಏನಿದೆ ಅಂತ ಅದು ಹೇಳಲ್ಲ. ಕೆ ನಮುಟ್ ಶ್ರೈನ್ ಇರೋದು ಹಿಮದ ಬೆಟ್ಟದ ಮೇಲೆ, ಬೆಚ್ಚಗಿನ ಬಟ್ಟೆಯೋ ಖಾರದ ಮೆಣಸು ಹಾಕಿ ಬೇಯಿಸಿದ ಊಟವೋ ಇಲ್ದೆ ಹೋದ್ರೆ ಚಳಿಗೇ ಹಾರ್ಟ್ ಕರಗುತ್ತೆ, ಆ ಬಿಳಿ ಇಳಿಜಾರು ಟವರ್ ಮೇಲಿಂದಲೇ ಕಾಣ್ತಿರುತ್ತೆ. ಜಾ ಬೈಜ್ ಶ್ರೈನ್ ಸುತ್ತ ಮುರಿದ ಗೋಡೆಗಳಿವೆ, ಅಲ್ಲಿ ಅರ್ಧ ಹೂತಿರೋ ಗಾರ್ಡಿಯನ್ ಅನ್ನೋ ಯಂತ್ರಗಳು ಲೇಸರ್ ಹೊಡೀತವೆ, ಹಾಗಾಗಿ ನೆಟ್ಟಗೆ ಓಡೋ ಬದಲು ಯಾವ ಗೋಡೆ ಮರೆಯಿಂದ ಯಾವ ಗೋಡೆಗೆ ಹೋಗ್ಬಹುದು ಅಂತ ಮೇಲಿಂದಲೇ ನೋಡ್ಕೊಳ್ಳಿ. ಸುಲಭದ್ದು ಮೊದಲು, ಚಳಿದು ಕೊನೆಗೆ ಅನ್ನೋ ಲೆಕ್ಕ ಅಲ್ಲೇ ನಿಂತು ಹಾಕ್ಕೊಂಡುಬಿಡಿ.

ಪಿನ್ ಇರೋದು 5 ಮಾತ್ರ. ಅದಕ್ಕೇ ಪಿನ್ ಅನ್ನ ಈಗ ಹೋಗೋ ಜಾಗಕ್ಕೆ ಮಾತ್ರ ಬಳಸಿ, ಆಮೇಲೆ ಬರೋಣ ಅನ್ನೋದಕ್ಕೆ ಮ್ಯಾಪ್ ಮೇಲೆ ಸ್ಟ್ಯಾಂಪ್ ಒತ್ತಿ, ಅದು 100ರ ತನಕ ಸಿಗುತ್ತೆ. ಬಲವಾದ ಶತ್ರು ಇದ್ರೆ ತಲೆಬುರುಡೆ, ಪೆಟ್ಟಿಗೆ ಬಿಟ್ಟು ಬಂದಿದ್ರೆ ಪೆಟ್ಟಿಗೆ ಗುರುತು. ಒಂದು ಗುರುತಿಗೆ ಒಂದೇ ಅರ್ಥ ಇರ್ಲಿ, ಇಲ್ಲಾಂದ್ರೆ ವಾರ ಬಿಟ್ಟು ಬಂದಾಗ ನೀವೇ ಹಾಕಿದ್ದು ನಿಮಗೇ ಅರ್ಥ ಆಗಲ್ಲ.

ಐಕಾನ್ ತಾವೇ ತುಂಬ್ಕೊಳ್ಳೋ ಗೇಮ್‌ಗಳಲ್ಲಿ ಕೆಲಸ ಉಲ್ಟಾ. ಫಿಲ್ಟರ್ ಇದ್ರೆ ಈಗಿನ ಕ್ವೆಸ್ಟ್ ಮತ್ತು ಫಾಸ್ಟ್ ಟ್ರಾವೆಲ್ ಬಿಟ್ಟು ಉಳಿದಿದ್ದನ್ನೆಲ್ಲ ಆಫ್ ಮಾಡಿ. ಎಲ್ಲ ಗುರುತನ್ನೂ ಒಟ್ಟಿಗೆ ತೋರಿಸೋ ಮ್ಯಾಪ್ ಪ್ಯಾಕ್ ಅಂತ ದುಡ್ಡಿಗೆ ಮಾರ್ತಾರಲ್ಲ, ಅದನ್ನಂತೂ ತಗೋಲೇಬೇಡಿ, ಹುಡುಕೋ ಆಟ ಹೋಗಿ ಪಟ್ಟಿ ಮುಗಿಸೋ ಕೆಲಸ ಆಗುತ್ತೆ.

ಮೂರನೇದು, ಇಳಿಯೋದು. ಪ್ಯಾರಾಗ್ಲೈಡರ್ ಸಿಕ್ಕಿದ್ಮೇಲೆ ಪಿನ್ ಕಡೆ ಮುಖ ಮಾಡಿ ಹಾರಿ, ಸ್ಟ್ಯಾಮಿನಾ ಮುಗಿಯೋ ಮುಂಚೆ ಯಾವುದಾದ್ರೂ ದಿಬ್ಬದ ಮೇಲೆ ಇಳೀರಿ, ತಗ್ಗಿಗೆ ಇಳಿದ್ರೆ ಮತ್ತೆ ಹತ್ತೋ ಕೆಲಸ.

ನಾಲ್ಕನೇದು ಫಾಸ್ಟ್ ಟ್ರಾವೆಲ್. ಶ್ರೈನ್ ಹತ್ರ ಹೋದ್ರೆ, ಒಳಗೆ ಹೋಗೋ ಟೈಮ್ ಇಲ್ದಿದ್ರೂ, ಬಾಗಿಲ ಹೊರಗಿನ ಕಂಬಕ್ಕೆ ನಿಮ್ಮ ಮ್ಯಾಪ್ ಇರೋ ಸಾಧನ ಸ್ಲೇಟ್ ತಾಗಿಸಿ ಬನ್ನಿ, ಅಷ್ಟಕ್ಕೇ ಆ ಜಾಗಕ್ಕೆ ಟ್ರಾವೆಲ್ ತೆರ್ಕೊಳ್ಳುತ್ತೆ. ಹೊಸ ಜಾಗಕ್ಕೆ ಹೋಗುವಾಗ ಹತ್ತಿರದ ಶ್ರೈನ್‌ಗಿಂತ ಎತ್ತರದ ಟವರ್ ಆರಿಸ್ಕೊಳ್ಳಿ, ಸ್ವಲ್ಪ ದೂರ ಆದ್ರೂ ಅಲ್ಲಿಂದ ಗ್ಲೈಡ್ ಮಾಡ್ಬಹುದು, ದಾರಿಯಲ್ಲಿ ಕೆಳಗಿರೋದೂ ಕಣ್ಣಿಗೆ ಬೀಳುತ್ತೆ. ಆದ್ರೆ ಎಲ್ಲ ಗೇಮಿನಲ್ಲೂ ನಿಂತಲ್ಲಿಂದಲೇ ಫಾಸ್ಟ್ ಟ್ರಾವೆಲ್ ಮಾಡೋಕೆ ಬಿಡಲ್ಲ. 2015ರ ವಿಚರ್ 3ರಲ್ಲಿ ನೀವೇ ಒಂದು ಕೈಕಂಬದ ಹತ್ರ ಹೋಗಿ ನಿಲ್ಬೇಕು, ಅದಕ್ಕೇ ಅಲ್ಲಿ ಕ್ವೆಸ್ಟ್ ಮುಗಿಸಿ ವಾಪಸ್ ಹೊರಡುವಾಗ ಮೊದಲು ಹತ್ತಿರದ ಕೈಕಂಬ ಎಲ್ಲಿದೆ ಅಂತ ಮ್ಯಾಪ್ ತೆಗೆದು ನೋಡ್ಕೊಳ್ಳಿ.