ಒಗ್ಗರಣೆಗೆ ಯಾವ ಬಾಣಲೆ, ಎಷ್ಟು ಕಾವು?

ಸಾರು ಅರ್ಧ ಗಂಟೆ ಕುದಿದರೂ ಪಾತ್ರೆಯ ಕಾವು 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ಏಕೆಂದರೆ ಒಳಗೆ ನೀರಿದೆ. ಒಗ್ಗರಣೆಯಲ್ಲಿ ನೀರಿಲ್ಲ. ಸಾಸಿವೆ ಸಿಡಿಯುವ ಹೊತ್ತಿಗೆ ಎಣ್ಣೆ 150 ಡಿಗ್ರಿ ದಾಟಿರುತ್ತದೆ, ಇನ್ನೊಂದು ನಿಮಿಷ ಮೈಮರೆತರೆ 200 ಕೂಡ ದಾಟುತ್ತದೆ. ದಿನಕ್ಕೆ ಮೂರು ಸಲ ಒಗ್ಗರಣೆ ಹಾಕುವ ನಮ್ಮ ಮನೆಗಳಲ್ಲಿ ಪಾತ್ರೆ ಸವೆಯುವುದೂ ಸೀಯುವುದೂ ಹಾಳಾಗುವುದೂ ಹೆಚ್ಚಾಗಿ ಈ ಎರಡು ನಿಮಿಷದಲ್ಲೇ. ಹಾಗಾಗಿ ಸ್ಟೀಲ್, ಬೀಡು, ನಾನ್‌ಸ್ಟಿಕ್ ಇವುಗಳಲ್ಲಿ ಯಾವುದನ್ನು ಒಲೆಯ ಮೇಲಿಡಬೇಕು ಎಂಬುದನ್ನು ಒಗ್ಗರಣೆಯನ್ನು ಮುಂದಿಟ್ಟುಕೊಂಡೇ ತೀರ್ಮಾನಿಸಬೇಕು.

ಮೊದಲು ಎಣ್ಣೆಯ ಆಳ ನೋಡಿ

ಒಗ್ಗರಣೆ ಕೆಡುವುದು ಬಹಳ ಸಲ ಲೋಹದ ದೋಷದಿಂದಲ್ಲ, ಅಗಲದಿಂದ. ಎರಡು ಟೀ ಚಮಚ ಎಣ್ಣೆಯನ್ನು ಅಗಲ ತಳದ ಬಾಣಲೆಗೆ ಹಾಕಿದರೆ ಅದು ತೆಳ್ಳಗೆ ಹರಡಿಕೊಳ್ಳುತ್ತದೆ. ಸಾಸಿವೆ ಎಣ್ಣೆಯಲ್ಲಿ ಮುಳುಗದೆ ಬಿಸಿ ಲೋಹದ ಮೇಲೆ ಒಣಗಿ ಕೂರುತ್ತದೆ. ಅರ್ಧ ಸಿಡಿಯುತ್ತದೆ, ಅರ್ಧ ಕಪ್ಪಾಗಿ ಕಹಿಯಾಗುತ್ತದೆ. ಸಾಸಿವೆ ಸಿಡಿಯುವುದೆಂದರೆ ಕಾಳಿನೊಳಗಿನ ತೇವ ಆವಿಯಾಗಿ ಸಿಪ್ಪೆಯನ್ನು ಒಡೆಯುವುದು. ಅದಕ್ಕೆ ಸುತ್ತಲಿಂದಲೂ ಕಾವು ತಾಗಬೇಕು.

ಸಾರು, ಕೋಸಂಬರಿ, ಮಜ್ಜಿಗೆ ಹುಳಿ ಇಂಥವಕ್ಕೆ ಮೇಲಿನಿಂದ ಸುರಿಯುವ ಒಗ್ಗರಣೆಯಾದರೆ ಕಬ್ಬಿಣದ ಒಗ್ಗರಣೆ ಸೌಟೇ ಸರಿ. ಅದರ ಕುಳಿಯಲ್ಲಿ ಎರಡು ಟೀ ಚಮಚ ಎಣ್ಣೆಗೇ ಅರ್ಧ ಚಮಚ ಸಾಸಿವೆ ಮುಳುಗುತ್ತದೆ. ಸೌಟು ಇಲ್ಲದಿದ್ದರೆ ಬಾಣಲೆಯನ್ನು ಹಿಡಿಯಿಂದ ಓರೆ ಮಾಡಿ, ಎಣ್ಣೆ ಒಂದು ಮೂಲೆಗೆ ಸೇರಿದ ಮೇಲೆ ಅಲ್ಲಿಗೆ ಸಾಸಿವೆ ಹಾಕಿ.

ಸ್ಟೀಲ್: ಚಿತ್ರಾನ್ನವನ್ನೇ ತೆಗೆದುಕೊಳ್ಳೋಣ

ಬಾಣಲೆಯಲ್ಲೇ ಒಗ್ಗರಣೆ ಹಾಕಿ ಅಲ್ಲೇ ಮುಗಿಸುವ ಅಡುಗೆಗೆ, ಅದರಲ್ಲೂ ಹುಳಿ ಇರುವ ಅಡುಗೆಗೆ, ನಮ್ಮ ಮೊದಲ ಆಯ್ಕೆ ಸ್ಟೀಲ್. ಆದರೆ ತೆಳು ಸ್ಟೀಲ್ ಬೇಡ. ಸ್ಟೀಲ್ ಕಾವನ್ನು ಪಕ್ಕಕ್ಕೆ ಹರಡುವುದರಲ್ಲಿ ತೀರ ಹಿಂದು, ಅಲ್ಯೂಮಿನಿಯಂ ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಹರಡುತ್ತದೆ. ತೆಳು ಸ್ಟೀಲ್ ಬಾಣಲೆಯಲ್ಲಿ ಉರಿ ತಾಗುವ ಕಡೆ ಬಳೆಯಾಕಾರದಲ್ಲಿ ಬೇಳೆ ಸೀದಿರುತ್ತದೆ, ಅದರಾಚೆ ಬಿಳಿಯಾಗಿಯೇ ಇರುತ್ತದೆ. ಎರಡು ಸ್ಟೀಲ್ ಪದರಗಳ ನಡುವೆ ಅಲ್ಯೂಮಿನಿಯಂ ಇರುವ ಟ್ರೈಪ್ಲೈ ಬಾಣಲೆ ತಯಾರಿಸುವುದು ಈ ತೊಂದರೆ ನೀಗಲೆಂದೇ. ತಳಕ್ಕೆ ಮಾತ್ರ ದಪ್ಪ ಬಿಲ್ಲೆ ಅಂಟಿಸಿದ ಪಾತ್ರೆಯೂ ನಡೆಯುತ್ತದೆ. ಆದರೆ ಅದರಲ್ಲಿ ಉರಿ ತಳದಿಂದ ಆಚೆ ಚಾಚಬಾರದು, ಚಾಚಿದರೆ ಅಂಚಿಗೆ ಸಿಡಿದ ಅರಿಸಿನ ಕಪ್ಪಾಗಿ ಹಿಡಿದುಕೊಳ್ಳುತ್ತದೆ.

ನಾಲ್ವರಿಗೆ ಒಂದೂವರೆ ಪಾವು ಅಕ್ಕಿಯ ಅನ್ನ ಮಾಡಿ, ತಟ್ಟೆಯಲ್ಲಿ ಹರಡಿ ಪೂರ್ತಿ ಆರಲು ಬಿಡಿ. ಬಿಸಿ ಅನ್ನದ ಅಂಟು ಸ್ಟೀಲಿಗೆ ತಕ್ಷಣ ಹಿಡಿಯುತ್ತದೆ, ಆರಿದ ಅನ್ನ ಅಷ್ಟು ಹಿಡಿಯದು.

1. ಖಾಲಿ ಬಾಣಲೆಯನ್ನು ನಡು ಉರಿಯಲ್ಲಿ ಎರಡು ಮೂರು ನಿಮಿಷ ಕಾಯಿಸಿ. ಒಂದು ಹನಿ ನೀರು ಚಿಮುಕಿಸಿ. ಹನಿ ಚುರ್ರೆಂದು ಅಲ್ಲೇ ಆರಿದರೆ ಕಾವು ಇನ್ನೂ ಸಾಲದು. ಕೆಸುವಿನ ಎಲೆಯ ಮೇಲಿನ ನೀರಿನಂತೆ ಉಂಡೆಯಾಗಿ ಓಡಾಡಿದರೆ ತಳ ಕಾದಿದೆ ಎಂದರ್ಥ. ಹನಿಯ ಕೆಳಗೆ ಆವಿಯ ಪದರ ಎದ್ದು ಅದನ್ನು ಎತ್ತಿ ಹಿಡಿದಿರುತ್ತದೆ. ಎಣ್ಣೆ ಹಾಕಿದ ಮೇಲೆ ಈ ಪರೀಕ್ಷೆ ಮಾಡಲೇಬೇಡಿ.

2. ಉರಿ ತಗ್ಗಿಸಿ ಅರ್ಧ ನಿಮಿಷ ಬಿಡಿ. ಹನಿ ಓಡಾಡುವ ಕಾವು ಒಗ್ಗರಣೆಗೆ ಹೆಚ್ಚೇ ಆಯಿತು, ಗಾಣದ ಕೊಬ್ಬರಿ ಎಣ್ಣೆಯಾದರೆ ಆ ಕಾವಿಗೆ ಹೊಗೆಯಾಡುತ್ತದೆ. ಆಮೇಲೆ ಮೂರು ದೊಡ್ಡ ಚಮಚ ಕಡಲೆಕಾಯಿ ಎಣ್ಣೆ ಹಾಕಿ.

3. ಎರಡು ದೊಡ್ಡ ಚಮಚ ಕಡಲೆಕಾಯಿ ಬೀಜವನ್ನು ಸಣ್ಣ ಉರಿಯಲ್ಲಿ ಹುರಿಯಿರಿ. ಸಿಪ್ಪೆ ಬಿರುಕು ಬಿಡುತ್ತಿದ್ದಂತೆ ತೆಗೆದಿಡಿ. ಒಗ್ಗರಣೆಯಲ್ಲಿ ಹೆಚ್ಚು ಹೊತ್ತು ಬೇಡುವುದು ಇದೇ. ಸಾಸಿವೆಯ ಜೊತೆಗೇ ಹಾಕಿದರೆ ಬೀಜ ಹಸಿಯಾಗುಳಿಯುತ್ತದೆ, ಇಲ್ಲವೇ ಸಾಸಿವೆ ಸೀಯುತ್ತದೆ.

4. ಒಂದು ಟೀ ಚಮಚ ಸಾಸಿವೆ ಹಾಕಿ. ಚಟಪಟ ಸದ್ದು ಜೋರಾಗಿ, ಇನ್ನೇನು ಇಳಿಯುತ್ತಿದೆ ಎನ್ನುವಾಗ ಕಡಲೆಬೇಳೆ ಮತ್ತು ಉದ್ದಿನಬೇಳೆ ಒಂದೊಂದು ದೊಡ್ಡ ಚಮಚ ಹಾಕಿ. ಎಣ್ಣೆಯ ಕಾವು ಒಂದಿಷ್ಟು ಇಳಿಯುವುದರಿಂದ ಸಾಸಿವೆ ಸೀಯದೆ ಉಳಿಯುತ್ತದೆ.

5. ಉದ್ದಿನಬೇಳೆ ಕೆಂಪಗಾಗುತ್ತಿದ್ದಂತೆ ನಾಲ್ಕು ಹಸಿಮೆಣಸಿನಕಾಯಿ ಸೀಳು ಮತ್ತು ಒಂದು ಎಸಳು ಕರಿಬೇವು ಹಾಕಿ. ಕರಿಬೇವನ್ನು ತೊಳೆದು ಬಟ್ಟೆಯಲ್ಲಿ ಒತ್ತಿ ಒರೆಸಿರಬೇಕು. ಎಲೆಗೆ ಅಂಟಿದ ನೀರು ಎಣ್ಣೆಯ ತಳಕ್ಕಿಳಿದು ಆವಿಯಾದಾಗಲೇ ಎಣ್ಣೆ ಮುಖಕ್ಕೆ ಸಿಡಿಯುವುದು.

6. ಉರಿ ಆರಿಸಿ. ಈಗ ಚಿಟಿಕೆ ಇಂಗು, ಅರ್ಧ ಟೀ ಚಮಚ ಅರಿಸಿನ, ಉಪ್ಪು ಹಾಕಿ. ಪುಡಿಗಳು ಸೀಯಲು ಕೆಲವು ಸೆಕೆಂಡು ಸಾಕು, ಉಳಿದ ಕಾವಿನಲ್ಲೇ ಅವು ಅರಳುತ್ತವೆ. ಆಮೇಲೆ ಅನ್ನ ಮತ್ತು ಬೀಜ ಸೇರಿಸಿ ಕಲಸಿ, ಕೊನೆಯಲ್ಲಿ ಒಂದು ದೊಡ್ಡ ನಿಂಬೆಹಣ್ಣು ಹಿಂಡಿ.

ಸ್ಟೀಲ್ ಮೇಲೆ ಕಾಣುವ ನೀಲಿ, ಬಂಗಾರದ ಛಾಯೆ ಕಾವಿನಿಂದ ಬಂದದ್ದು. ಅದರಿಂದ ಏನೂ ತೊಂದರೆಯಿಲ್ಲ, ನಿಂಬೆ ಹೋಳಿನಿಂದ ಉಜ್ಜಿದರೆ ಹೋಗುತ್ತದೆ. ಬೋರ್‌ವೆಲ್ ನೀರಿನ ಬಿಳಿ ಕಲೆಗೂ ಇದೇ ಮದ್ದು. ಆದರೆ ತಳದಲ್ಲಿ ಸೂಜಿಮೊನೆಯಂಥ ಗುಳಿಗಳು ಬಿದ್ದರೆ ಅವು ಮಾಯುವುದಿಲ್ಲ. ತಣ್ಣೀರಿಗೆ ಕಲ್ಲುಪ್ಪು ಹಾಕಿ ಹಾಗೇ ಬಿಟ್ಟಾಗ ಉಪ್ಪು ಕೂತ ಜಾಗದಲ್ಲಿ ಹೀಗಾಗುತ್ತದೆ. ನೀರು ಕುದಿ ಬಂದ ಮೇಲೆ ಉಪ್ಪು ಹಾಕಿ.

ಬೀಡಿನ ಬಾಣಲೆ: ಉರಿ ಆರಿಸಿದರೂ ಒಗ್ಗರಣೆ ನಿಲ್ಲುವುದಿಲ್ಲ

ಬೀಡು ನಿಧಾನ ಕಾಯುತ್ತದೆ, ಕಾದರೆ ಬೇಗ ಆರುವುದಿಲ್ಲ. ಎರಡು ಎರಡೂವರೆ ಕಿಲೋ ತೂಗುವ ಬಾಣಲೆಯಲ್ಲಿ ಈ ಗುಣ ಪಲ್ಯಕ್ಕೆ ವರ. ಹುರುಳಿಕಾಯಿ, ಬೆಂಡೆಕಾಯಿ ರಾಶಿ ಸುರಿದರೂ ಕಾವು ಕುಸಿಯದೆ ತರಕಾರಿ ನೀರೊಡೆಯದೆ ಹುರಿಯುತ್ತದೆ. ಆದರೆ ಒಗ್ಗರಣೆಯಷ್ಟನ್ನೇ ಮಾಡಿ ಬಾಣಲೆಯಲ್ಲಿ ಬಿಟ್ಟರೆ, ಉರಿ ಆರಿಸಿದ ಮೇಲೂ ಬೇಳೆ ಕಂದುತ್ತಾ ಹೋಗುತ್ತದೆ. ಕಡಲೆಬೇಳೆ ಹೊಂಬಣ್ಣಕ್ಕೆ ಬರುವ ತನಕ ಕಾಯಬೇಡಿ. ನಸುಹಳದಿ ಇರುವಾಗಲೇ ಉರಿ ಆರಿಸಿ, ತಕ್ಷಣ ತರಕಾರಿ ಹಾಕಿ ಅಥವಾ ಬಟ್ಟಲಿಗೆ ಬಗ್ಗಿಸಿ.

ಹುಣಸೆ, ಟೊಮೆಟೊ ಹಾಕಿ ಕುದಿಸುವ ಗೊಜ್ಜು, ಹುಳಿ ಬೀಡಿನಲ್ಲಿ ಬೇಡ. ಬಾಣಲೆಯನ್ನು ಪಳಗಿಸಿದಾಗ ಅದರ ಮೇಲೆ ಕೂತ ಎಣ್ಣೆಯ ಪದರವನ್ನು ಹುಳಿ ಕರಗಿಸಿ ಕಬ್ಬಿಣವನ್ನು ಎಳೆಯುತ್ತದೆ. ಗೊಜ್ಜು ಕಪ್ಪಾಗಿ, ನಾಲಿಗೆಗೆ ನಾಣ್ಯ ಇಟ್ಟಂಥ ರುಚಿ ಬರುತ್ತದೆ, ಬಾಣಲೆಯ ತಳದಲ್ಲಿ ಬೂದು ತೇಪೆ ಕಾಣುತ್ತದೆ. ಬಾಳೆಕಾಯಿ, ಬದನೆಕಾಯಿಯ ಒಗರು ಕಬ್ಬಿಣದೊಂದಿಗೆ ಸೇರಿದಾಗಲೂ ಪಲ್ಯ ಕಪ್ಪಗಾಗುತ್ತದೆ. ಅದು ಕೆಟ್ಟದ್ದಲ್ಲ, ನೋಟ ಮಾತ್ರ ಹಾಳು.

ಹೊಸ ಬಾಣಲೆಯನ್ನು ಪಳಗಿಸುವುದು ಹೀಗೆ. ಸೋಪು ಹಾಕಿ ತೊಳೆದು, ಒಲೆಯ ಮೇಲಿಟ್ಟು ತೇವ ಪೂರ್ತಿ ಆರಿಸಿ. ಒಂದು ಟೀ ಚಮಚ ಎಣ್ಣೆಯನ್ನು ಒಳಹೊರಗೆ ಸವರಿ, ಆಮೇಲೆ ಒಣ ಬಟ್ಟೆಯಿಂದ ಎಣ್ಣೆಯೇ ಇಲ್ಲವೇನೋ ಎನ್ನುವಷ್ಟು ಒರೆಸಿಬಿಡಿ. ನಡು ಉರಿಯಲ್ಲಿ ಹೊಗೆ ಎದ್ದು ತಾನಾಗಿ ನಿಲ್ಲುವವರೆಗೆ ಕಾಯಿಸಿ, ಆರಲು ಬಿಡಿ. ಇದನ್ನು ನಾಲ್ಕೈದು ಸಲ ಮಾಡಿದರೆ ಎಣ್ಣೆ ಗಟ್ಟಿ ಕಪ್ಪು ಪದರವಾಗುತ್ತದೆ. ಕೈಗೆ ಜಿಡ್ಡು ಹತ್ತಿದರೆ ಎಣ್ಣೆ ಹೆಚ್ಚಾಗಿದೆ ಅಥವಾ ಕಾವು ಸಾಲದೆ ಹೋಗಿದೆ, ಇನ್ನೊಮ್ಮೆ ಕಾಯಿಸಿ. ಬಿಸಿ ಬೀಡಿನ ಮೇಲೆ ತಣ್ಣೀರು ಸುರಿಯಬೇಡಿ, ಸೀಳು ಬಿಡುತ್ತದೆ. ದೋಸೆ ಕಾವಲಿಯಲ್ಲಿ ಬೆಳ್ಳುಳ್ಳಿ, ಇಂಗಿನ ಒಗ್ಗರಣೆ ಬೇಡ. ಆ ಪದರ ವಾಸನೆ ಹಿಡಿದುಕೊಳ್ಳುತ್ತದೆ, ಮರುದಿನದ ದೋಸೆ ಅದನ್ನೇ ನಾರುತ್ತದೆ.

ನಾನ್‌ಸ್ಟಿಕ್: ಖಾಲಿ ಕಾಯಿಸುವುದೇ ತೊಂದರೆ

ಸಾಮಾನ್ಯ ನಾನ್‌ಸ್ಟಿಕ್ ಲೇಪನ ಪಿಟಿಎಫ್ಇ ಎಂಬ ಪ್ಲಾಸ್ಟಿಕ್. ಸುಮಾರು 260 ಡಿಗ್ರಿ ದಾಟಿದರೆ ಅದು ಕೆಡತೊಡಗುತ್ತದೆ, 350ರ ಮೇಲೆ ಹೋದರೆ ಬರುವ ಹೊಗೆ ಉಸಿರಿಗೆ ಕೆಟ್ಟದ್ದು, ಪಂಜರದ ಹಕ್ಕಿಗಳಿಗಂತೂ ಪ್ರಾಣಾಂತಕ. ಅಲ್ಯೂಮಿನಿಯಂ ತಳದ ತೆಳು ಪ್ಯಾನ್ ದೊಡ್ಡ ಉರಿಯಲ್ಲಿ ಖಾಲಿ ಕೂತರೆ ಕೆಲವೇ ನಿಮಿಷದಲ್ಲಿ ಆ ಮಟ್ಟ ಮುಟ್ಟುತ್ತದೆ. ಎಣ್ಣೆಯಿದ್ದರೆ ಅದು ಹೊಗೆಯಾಡಿ ಎಚ್ಚರಿಸುತ್ತದೆ, ಖಾಲಿ ಪ್ಯಾನ್ ಯಾವ ಸುಳಿವನ್ನೂ ಕೊಡುವುದಿಲ್ಲ. ಬಾಣಲೆ ಕಾಯಿಸಿಟ್ಟು ಸಾಸಿವೆ ಡಬ್ಬಿ ಹುಡುಕುವ ಅಭ್ಯಾಸ ಇದಕ್ಕೆ ಒಗ್ಗುವುದಿಲ್ಲ. ಸ್ಟೀಲ್‌ಗೆ ಹೇಳಿದ ನೀರಿನ ಹನಿಯ ಪರೀಕ್ಷೆಯೂ ಇಲ್ಲಿ ಬೇಡ.

ಬೇರೆ ಪಾತ್ರೆ ಇಲ್ಲವೆಂದಾದರೆ ತಣ್ಣಗಿನ ಪ್ಯಾನಿಗೆ ಎಣ್ಣೆ ಹಾಕಿ, ಸಾಸಿವೆಯನ್ನೂ ಆಗಲೇ ಹಾಕಿ, ಸಣ್ಣ ಒಲೆಯಲ್ಲಿ ನಡು ಉರಿಗಿಂತ ಕಡಿಮೆ ಇಡಿ. ಸಿಡಿಯಲು ಒಂದು ನಿಮಿಷ ಹೆಚ್ಚು ಹಿಡಿಯುತ್ತದೆ. ಮರದ ಸಟ್ಟುಗವನ್ನೇ ಬಳಸಿ, ಸ್ಟೀಲ್ ಸೌಟಿನಿಂದ ಬೇಳೆ ಕೆದಕಬೇಡಿ. ಲೇಪನದ ಚೂರು ಹೊಟ್ಟೆಗೆ ಹೋದರೆ ಜೀರ್ಣವಾಗದೆ ಹಾಗೇ ಹೊರಬರುತ್ತದೆ, ಅದಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಅತಿ ಕಾವಿಗೆ. ನೀರು ದೋಸೆ, ಆಮ್ಲೆಟ್‌ನಂಥ ಕಡಿಮೆ ಉರಿಯ ಕೆಲಸಕ್ಕೆ ಈ ಪ್ಯಾನನ್ನು ಮೀಸಲಿಟ್ಟರೆ ವರ್ಷಗಟ್ಟಲೆ ಬರುತ್ತದೆ. ಒಗ್ಗರಣೆಯ ನಂತರ ಅಂಚಿನಲ್ಲಿ ಉಳಿದ ಎಣ್ಣೆ ಕಂದು ಜಿಡ್ಡಾಗಿ ಹಿಡಿದು, ಲೇಪನ ಚೆನ್ನಾಗಿದ್ದರೂ ಆಮ್ಲೆಟ್ ಅಂಟುವಂತೆ ಮಾಡುತ್ತದೆ. ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡ ಹಾಕಿ ಐದು ನಿಮಿಷ ಕುದಿಸಿ, ಆರಿದ ಮೇಲೆ ಮೆತ್ತನೆಯ ಸ್ಪಂಜಿನಿಂದ ಉಜ್ಜಿ. ಆಮೇಲೂ ನಡುಭಾಗದಲ್ಲಿ ಅಂಟುತ್ತಿದ್ದರೆ, ಅಥವಾ ಲೇಪನ ಎದ್ದು ಬೆಳ್ಳಗಿನ ಲೋಹ ಕಾಣುತ್ತಿದ್ದರೆ, ಆ ಪ್ಯಾನನ್ನು ಒಲೆಯಿಂದ ಇಳಿಸುವ ಕಾಲ ಬಂದಿದೆ.